ನಮ್ಮ ಕಥೆ: ಸೆರಗು ತಿರುವಿ ನೋಡಿ

ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗ ನೇಕಾರರು. ನಮ್ಮ ಸೀರೆ ಉಡುವವರಲ್ಲಿ ಹೆಚ್ಚಿನವರು ಈ ಊರು ನೋಡಿದವರಲ್ಲ. ಫೋನಿನಲ್ಲಿ ಫೋಟೊ ನೋಡಿ, ದುಡ್ಡು ಕಳಿಸಿ, ನಮ್ಮನ್ನು ನಂಬುತ್ತಾರೆ. ಆ ನಂಬಿಕೆಗೆ ನಾವು ಕೊಡುವ ಸಾಕ್ಷಿ ಸೀರೆಯಲ್ಲೇ ಇದೆ.

ಪಾರ್ಸಲ್ ಬಿಚ್ಚಿದ ಮೇಲೆ, ಮೈ ಮುಗಿದು ಸೆರಗು ಶುರುವಾಗುವ ಕಡೆ ಸೀರೆಯನ್ನು ತಿರುವಿ ಹಾಕಿ. ಅಡ್ಡಕ್ಕೆ ಸಣ್ಣ ಸಣ್ಣ ಕುಣಿಕೆಗಳ ಸಾಲೊಂದು ಬೆರಳಿಗೆ ತಾಗುತ್ತದೆ. ಅದೇ ಕೊಂಡಿ. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳೇ ಹಾಸು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ ನೂಲಾದರೆ ಸೆರಗಿಗೆ ಕೆಂಪು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕಬೇಕು. ಮೈ ಹಸಿರಿರಲಿ, ಕಪ್ಪಿರಲಿ, ಸೆರಗು ಅಷ್ಟೇ ಕೆಂಪಾಗಿರುವುದು ಇದರಿಂದ: ಮೈಯ ಹಾಸು ಸೆರಗಿನೊಳಗೆ ಹೋಗುವುದೇ ಇಲ್ಲ. ಒಂದೇ ಹಾಸಿನಲ್ಲಿ ಉದ್ದಕ್ಕೆ ನೇಯ್ದ ಸೀರೆಯಾದರೆ ಮೈಬಣ್ಣ ಸೆರಗಿನಲ್ಲೂ ಇಣುಕುತ್ತದೆ.

ಕೊಂಡಿ ಹಾಕುವವರು ನಮ್ಮ ಮನೆಗಳ ಹೆಣ್ಣುಮಕ್ಕಳು. ಕತ್ತು ಬಗ್ಗಿಸಿ ತಾಸುಗಟ್ಟಲೆ ಕೂರುವ ಕೆಲಸ. ಒಂದು ಎಳೆ ತಪ್ಪಿದರೂ ಹಿಂದಕ್ಕೆ ಹೋಗಿ ಹುಡುಕಬೇಕು. ಇಷ್ಟು ದಿನ ನೇಯ್ದವರಿಗಷ್ಟೇ ಹೆಸರಿತ್ತು, ಅವರಿಗಿರಲಿಲ್ಲ. ಈಗ ಸೀರೆಯ ಜೊತೆ ಬರುವ ಚೀಟಿಯಲ್ಲಿ ಕೊಂಡಿ ಹಾಕಿದವರ ಹೆಸರು ಮೊದಲು, ನೇಯ್ದವರ ಹೆಸರು ಆಮೇಲೆ. ದಯವಿಟ್ಟು ಆ ಚೀಟಿ ಎಸೆಯಬೇಡಿ.

ನಾವು ನೇಯುವ ಸೆರಗು ತೋಪು ತೆನಿ: ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ದಡಿಯಲ್ಲಿ ಗೋಮಿ, ಗಾಡಿ, ಚಿಕ್ಕಿ ಪರಾಸ ಎಂಬ ವಿನ್ಯಾಸಗಳು ಸಿಗುತ್ತವೆ.

ಇಳಕಲ್ ಸೀರೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಪವರ್‌ಲೂಮಿನ ಸೀರೆಗಳು ಕೈಮಗ್ಗದ್ದೆಂದು ಮಾರಾಟವಾಗುತ್ತವೆ. ಪವರ್‌ಲೂಮ್ ನಡೆಸುವವರೂ ನಮ್ಮ ಓಣಿಯವರೇ, ಅವರ ದುಡಿಮೆಯ ಬಗ್ಗೆ ನಮಗೆ ತಕರಾರಿಲ್ಲ. ಸುಳ್ಳು ಹೇಳಿ ಮಾರುವುದಕ್ಕೆ ಮಾತ್ರ ತಕರಾರಿದೆ. ಅದರ ಏಟು ಬೀಳುವುದು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನ ಕೂಲಿಗೆ.

ನಮ್ಮಲ್ಲಿ ಸೀರೆ ಮಗ್ಗದಿಂದ ಇಳಿದ ದಿನವೇ ಕೂಲಿ ಕೈಗೆ ಸೇರುತ್ತದೆ. ಮಾರಾಟವಾಗಲಿ ಎಂದು ಯಾರನ್ನೂ ಕಾಯಿಸುವುದಿಲ್ಲ. ಹಾಗಾಗಿ ಹಬ್ಬದ ರಿಯಾಯಿತಿ ಕೊಡಲು ನಮಗೆ ಆಗುವುದಿಲ್ಲ. ಲಾಭ ಉಳಿದರೆ ದೀಪಾವಳಿಗೆ ಎಲ್ಲರೂ ಹಂಚಿಕೊಳ್ಳುತ್ತೇವೆ.

ಮಳೆಗಾಲದಲ್ಲಿ ಗಂಜಿ ಹಾಕಿದ ನೂಲು ಬೇಗ ಒಣಗುವುದಿಲ್ಲ, ಆಗ ಸೀರೆ ತಡವಾಗುತ್ತದೆ. ತಡವಾದರೆ ನಾವೇ ಫೋನ್ ಮಾಡಿ ತಿಳಿಸುತ್ತೇವೆ. ಬಣ್ಣ ಫೋಟೊಕ್ಕಿಂತ ಬೇರೆ ಅನಿಸಿದರೆ ಹತ್ತು ದಿನದೊಳಗೆ ವಾಪಸ್ ಕಳಿಸಿ. ಉಡುತ್ತಾ ಉಡುತ್ತಾ ಕೊಂಡಿಯ ಹತ್ತಿರ ಎಳೆ ಬಿಟ್ಟರೆ, ಎಷ್ಟೇ ವರ್ಷವಾಗಿರಲಿ, ಸೀರೆಯನ್ನು ನಮಗೆ ಕಳಿಸಿಕೊಡಿ. ಸರಿಮಾಡಿ ನಮ್ಮ ಖರ್ಚಿನಲ್ಲೇ ವಾಪಸ್ ಕಳಿಸುತ್ತೇವೆ.