ಪ್ರಭಾಕರನ ಎಡಗಾಲಿಗೆ, ಪ್ರೀತಿಯಿಂದ

ಪ್ರಿಯ ಪ್ರಭಾಕರ,

ಅಂಗಡಿಯಲ್ಲಿ ಗುಲಾಬಿ ಹೂವು, ಕರಡಿ ಮರಿ ಇರೋ ಕಾರ್ಡೇ ಸಿಕ್ಕಿದ್ದು. ಅದನ್ನ ನೋಡಿ ನಗಬೇಡ, ಒಳಗೆ ಓದು. ಅಚ್ಚು ಹಾಕಿದ್ದ ನಾಲ್ಕು ಸಾಲಿನ ಇಂಗ್ಲಿಷ್ ಪದ್ಯ ಹೊಡೆದುಹಾಕಿದ್ದೀನಿ. ಜಾಗ ಸಾಲದೆ ಹಿಂದುಗಡೆಗೂ ಬರೆದಿದ್ದೀನಿ, ತಿರುಗಿಸಿ ನೋಡು.

ಮಮತಾ ಫೋಟೋ ಕಳಿಸೋ ತನಕ ನಮ್ಮ ಬಿ.ಎಡ್. ಗ್ರೂಪಿನಲ್ಲಿ ನಿನ್ನನ್ನ ಏನೇನೋ ಮಾಡಿಬಿಟ್ಟಿದ್ದರು ಮಾರಾಯ. ಒಬ್ಬ ಬೈಕಿಂದ ಬೀಳಿಸಿದ. ಇನ್ನೊಬ್ಬ ಅಡಿಕೆ ಮರಕ್ಕೇ ಹತ್ತಿಸಿದ. ಕೊನೆಗೆ ವಿಚಾರಿಸಿದರೆ, ಸಾಗರದ ಮಳೆಗಾಲದಲ್ಲಿ ಹುಟ್ಟಿ ಬೆಳೆದವನು ಕೊಟ್ಟಿಗೆಗೆ ಹೋಗೋವಾಗ ಹಾಸಿದ್ದ ದಬ್ಬೆ ಬಿಟ್ಟು ಪಾಚಿ ಮೇಲೆ ಕಾಲಿಟ್ಟು ಜಾರಿದ್ದಂತೆ! ಛತ್ರಿಗೆ ಏನೂ ಆಗಲಿಲ್ಲ ಅಂತ ಮಮತಾ ಬರೆದಿದ್ದಳು. ಅಷ್ಟಾದರೂ ಉಳೀತಲ್ಲ.

ಆ ಫೋಟೋವನ್ನ ಎಷ್ಟು ದೊಡ್ಡದು ಮಾಡಿ ನೋಡಿದೆನೋ! ಬಿಳೀ ಜಾಗ ಅಂತ ಹುಡುಕಬೇಕು, ಪ್ಲಾಸ್ಟರ್ ಕಟ್ಟಿನ ಮೇಲೆ ಪಾದದಿಂದ ಮಂಡಿ ತನಕ ಬರೀ ಸಹಿ. ಹೆಡ್‌ಮಾಸ್ಟರ್ ಹಸಿರು ಇಂಕಿನಲ್ಲಿ, ಕೆಳಗೆ ತಾರೀಖು ಸಮೇತ ಹಾಕಿದ್ದಾರೆ. ಮೂಳೆ ಮುರಿದದ್ದು ಈಗ ಸರ್ಕಾರಿ ಲೆಕ್ಕದಲ್ಲಿ ದೃಢೀಕೃತ. ರಜೆ ಅರ್ಜಿ ಜೊತೆ ಕಾಲನ್ನೇ ಲಗತ್ತಿಸಬಹುದು. ಅದರ ಪಕ್ಕದಲ್ಲಿ ಯಾವುದೋ ಪುಣ್ಯಾತ್ಮ, 'ಬೇಗ ಹುಷಾರಾಗಿ ಸಾರ್, ಟೆಸ್ಟ್ ಮುಗಿದ ಮೇಲೆ ಬನ್ನಿ' ಅಂತ ಬರೆದಿದ್ದಾನೆ. ಪ್ರಾಮಾಣಿಕ ಹುಡುಗ, ಅವನಿಗೆ ಏನೂ ಅನ್ನಬೇಡ. ಹಿಮ್ಮಡಿ ಹತ್ತಿರ ಬಾಲ ಮೇಲೆತ್ತಿರೋ ಬೆಕ್ಕು ನಿನ್ನ ಮಗಳದ್ದೇ ಇರಬೇಕು. ಹೆಬ್ಬೆರಳಿನ ಬುಡದಲ್ಲಿ ನಡುಗೋ ಅಕ್ಷರದಲ್ಲಿ 'ಸಾವಿತ್ರಮ್ಮ' ಅಂತಿದೆ, ಸೊಸೈಟಿ ಪುಸ್ತಕದಲ್ಲಿ ಹಾಕ್ತಾರಲ್ಲ, ಹಾಗೇ, ಕೆಳಗೊಂದು ಗೆರೆ ಎಳೆದು. ಅಮ್ಮ ಅಷ್ಟು ಬಗ್ಗಿ ಬರೆದಿದ್ದಾರೆ ಅಂದರೆ ನೀನು ಆ ಕಾಲನ್ನ ಜೋಪಾನ ಮಾಡಲೇಬೇಕು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮೊಣಕಾಲಿನ ಕೆಳಗೆ ನೀಲಿ ಪೆನ್ನಲ್ಲಿ ಯಾರೋ ಹುಡುಗ ಬರೆದ ಒಂದು ಸೂತ್ರ ಇದೆ: CaSO₄·2H₂O. ಅದಕ್ಕೆ ಕೆಂಪು ಶಾಯೀಲಿ ಅಡ್ಡಗೆರೆ. ಆ ಗೆರೆ ನಿನ್ನದೇ, ನಂಗೆ ಗೊತ್ತು. ಕಾಲು ಮುರಿದುಕೊಂಡು ಮಂಚದ ಮೇಲೆ ಮಲಗಿದವನು ಮಮತನ ಹತ್ತಿರ ಕೆಂಪು ಪೆನ್ನು ಕೇಳಿ ಇಸ್ಕೊಂಡೆಯಲ್ಲ, ನಿನ್ನ ಚಾಳಿ ಸುಟ್ಟರೂ ಹೋಗಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ CaSO₄·½H₂O, ಹತ್ತನೇ ಕ್ಲಾಸಿಗೆ ವರ್ಷಾ ವರ್ಷಾ ಬೋರ್ಡಿನ ಮೇಲೆ ನೀನೇ ಬರೆಸೋದು, ಸರಿ. ಆದರೆ ಅದು ಡಬ್ಬದಲ್ಲಿರೋ ಪುಡಿ ಕಣೋ! ನೀರು ಹಾಕಿ ಸುತ್ತಿದ ಮೇಲೆ, ಕಾಲು ಬೆಚ್ಚಗಾಗಿ ಗಟ್ಟಿಯಾಯ್ತಲ್ಲ, ಆಗಲೇ ಅದು ನೀರು ಕುಡಿದು ವಾಪಸ್ ಜಿಪ್ಸಮ್, ಅಂದರೆ CaSO₄·2H₂O ಆಯ್ತು. ನಿನ್ನ ಕಾಲ ಮೇಲೆ ಇವತ್ತು ಇರೋದು ಜಿಪ್ಸಮ್ಮೇ. ಹುಡುಗ ಬರೆದದ್ದು ಸರಿ, ಮೇಷ್ಟ್ರು ಹಾಕಿದ್ದು ತಪ್ಪು. ಅವನಿಗೆ ಪೂರ್ತಿ ಅಂಕ ಕೊಡು. ಕಟ್ಟು ಬಿಚ್ಚೋದಕ್ಕೆ ಮುಂಚೆ ಆ ಅಡ್ಡಗೆರೆ ಪಕ್ಕ ಒಂದು ರೈಟ್ ಬೀಳಲೇಬೇಕು.

ಇನ್ನೊಂದೆರಡು ಮಾತು, ಬೈದರೂ ಹೇಳ್ತೀನಿ. ಒಳಗೆ ನವೆ ಶುರುವಾದರೆ ಹಿಡಿಕಡ್ಡಿ, ಸ್ಕೇಲು ಏನನ್ನೂ ತೂರಿಸಬೇಡ. ಚರ್ಮ ತರಚಿದರೆ ಒಳಗೇ ಕೀವು ಕಟ್ಟುತ್ತೆ, ಕಣ್ಣಿಗೂ ಕಾಣಲ್ಲ. ಕಾಲ ಕೆಳಗೆ ಎರಡು ದಿಂಬು ಇಟ್ಟುಕೋ, ಬೆರಳು ಆಡಿಸ್ತಾ ಇರು. ಬೆರಳು ನೀಲಿಯಾದರೆ, ಜೋಮು ಹಿಡಿದರೆ ರಾತ್ರಿ ಹಗಲು ನೋಡದೆ ಡಾಕ್ಟರಿಗೆ ಫೋನ್ ಮಾಡಿಸು. ಬಚ್ಚಲಿಗೆ ಹೋಗೋವಾಗ ಪ್ಲಾಸ್ಟಿಕ್ ಕವರ್ ಕಟ್ಟೋದು ಮರೀಬೇಡ. ನಿಮ್ಮೂರಿನ ಮಳೇಲಿ ಪಂಚೆಯೇ ನಾಲ್ಕು ದಿನಕ್ಕೂ ಒಣಗಲ್ಲ, ಇನ್ನು ಆ ಕಟ್ಟು ನೆಂದರೆ ದೇವರೇ ಗತಿ.

ಬರೋ ಶನಿವಾರ ರಾತ್ರಿ ಬೆಂಗಳೂರಿಂದ ತಾಳಗುಪ್ಪ ರೈಲು ಹತ್ತುತ್ತೀನಿ. ಭಾನುವಾರ ಬೆಳಗ್ಗೆ ನಿಮ್ಮನೇಲಿ ತಿಂಡಿ. ಮಮತಾ ಏನೂ ವಿಶೇಷ ಮಾಡೋದು ಬೇಡ, ನೀರುದೋಸೆ ಸಾಕು ಅಂತ ಹೇಳು. (ಜೊತೆಗೆ ಜೋನಿ ಬೆಲ್ಲ ಇದ್ದರೆ ನಾನು ಬೇಡ ಅನ್ನಲ್ಲ.) ಹಾಸ್ಟೆಲ್ ಹುಡುಗರೆಲ್ಲ ಸೇರಿ ನಿನ್ನ ಓದಿಗೆ ಅಂತ ಪತ್ತೇದಾರಿ ಕಾದಂಬರಿಗಳನ್ನ ಒಟ್ಟು ಹಾಕಿದ್ದಾರೆ. ಅದರಲ್ಲಿ ಕೆಲವಕ್ಕೆ ಕೊನೇ ಪುಟ ಇಲ್ಲ. ಕೊಲೆಗಾರ ಯಾರು ಅಂತ ನೀನೇ ಕಂಡುಹಿಡಿ, ಹೇಗೂ ಪುರುಸೊತ್ತಿದೆ.

ಒಂದು ಕೆಲಸ ಮಾತ್ರ ಮಾಡು. ಮಂಡಿಯ ಒಳಬದೀಲಿ ಅಂಗೈಯಗಲ ಜಾಗ ಇನ್ನೂ ಖಾಲಿ ಇದ್ದದ್ದು ಫೋಟೋದಲ್ಲಿ ನೋಡಿದೆ. ಅದನ್ನ ಯಾರಿಗೂ ಕೊಡಬೇಡ. ಬಿ.ಎಡ್. ಕ್ಲಾಸಿನಲ್ಲಿ ನಾನು ಸಿನಿಮಾಕ್ಕೆ ಹೋದಾಗೆಲ್ಲ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ನೀನೇ ಹಾಕ್ತಿದ್ದೆ. ಈ ಸಲ ಅದು ನಡೆಯಲ್ಲ, ನಾನೇ ಬಂದು ಹಾಕ್ತೀನಿ.

ಬೇಗ ಹುಷಾರಾಗು ಕಣೋ.

ನಿನ್ನ,
ರಾಜಶೇಖರ