ಹತ್ತು ವರ್ಷ ಕೊಡುವಂಥ ಸಮಸ್ಯೆ

ಎಲ್ಲರಿಗೂ ನಮಸ್ಕಾರ.

ನೀವು ಕಾಲೇಜಿಗೆ ಬಂದು ಇನ್ನೂ ಒಂದು ತಿಂಗಳು ತುಂಬಿಲ್ಲ. ಆದರೂ ಮೊದಲ ವರ್ಷದವರ ಜೊತೆಗೇ ಮಾತಾಡಬೇಕು ಅಂತ ಪ್ರಿನ್ಸಿಪಾಲರನ್ನು ಕೇಳಿಕೊಂಡವನು ನಾನೇ. ಕೊನೆಯ ವರ್ಷದವರು ಸ್ಟಾರ್ಟಪ್ ಮಾಡುತ್ತೇವೆ ಅಂತ ನನ್ನ ಹತ್ತಿರ ಬರುವಾಗ ಅವರ ಆಪ್ ತಯಾರಾಗಿರುತ್ತದೆ. ಹೆಸರು, ಲೋಗೋ ಎಲ್ಲಾ ಆಗಿರುತ್ತದೆ. "ಇದು ಯಾರ ಕಷ್ಟ?" ಅಂತ ಕೇಳಿದರೆ "ಎಲ್ಲರದ್ದೂ ಸರ್" ಅನ್ನುತ್ತಾರೆ. ಯಾರ ಹತ್ತಿರವೂ ಕೂತು ಮಾತಾಡಿಲ್ಲ ಅಂತ ನನಗೆ ಅಲ್ಲಿಗೇ ಗೊತ್ತಾಗುತ್ತದೆ. ನಿಮ್ಮ ಹತ್ತಿರ ಕೂರುವುದಕ್ಕೆ ಸಮಯ ಇದೆ.

ಐಡಿಯಾ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಬದಲಾಗಲಿ ಬಿಡಿ. ಸಮಸ್ಯೆಯನ್ನು ಮಾತ್ರ ನೋಡಿ ಆರಿಸಿಕೊಳ್ಳಿ. ಯಾಕೆಂದರೆ ಅದರ ಜೊತೆ ಎಂಟು ಹತ್ತು ವರ್ಷ ಇರಬೇಕಾಗುತ್ತದೆ.

ನಾವು ಕೂತಿರುವುದು ಸಾಗರದಲ್ಲಿ. ನಿಮ್ಮಲ್ಲಿ ಎಷ್ಟೋ ಜನ ಅಡಿಕೆ ತೋಟದ ಮನೆಯವರು. ಮಳೆಗಾಲದಲ್ಲಿ ಕೊಳೆ ರೋಗ ಬರಬಾರದು ಅಂತ ಬೋರ್ಡೋ ಹೊಡೆಯುತ್ತಾರೆ, ಅಲ್ವಾ? ಮೈಲುತುತ್ತ, ಸುಣ್ಣ ಕಲಸಿ, ಮಳೆ ಬಿಡುವು ಕೊಟ್ಟ ಹೊತ್ತು ನೋಡಿ, ಜಾರುವ ಮರ ಹತ್ತಿ ಒಂದೊಂದು ಗೊನೆಗೂ ಹೊಡೆಯಬೇಕು. ಮರ ಹತ್ತುವ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಹತ್ತುವುದಿಲ್ಲ, ಹತ್ತಲಿ ಅಂತ ನಾನೂ ಹೇಳುವುದಿಲ್ಲ. ಬಿದ್ದರೆ ಸೊಂಟವೋ ಜೀವವೋ ಹೋಗುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ಆದರೆ ಒಂದು ದಿನ ಪೂರ್ತಿ ದೋಟಿ ಹಿಡಿದವರ ಪಕ್ಕ ನಿಂತು ನೋಡಿ. ಅಷ್ಟುದ್ದ ಬಿಚ್ಚಿದಾಗ ಅದು ಗಾಳಿಗೆ ಓಲಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಕತ್ತು, ಭುಜ ಹಿಡಿದುಕೊಳ್ಳುತ್ತವೆ. ಬೆಲೆ ಹತ್ತಾರು ಸಾವಿರ ಆಗುವುದರಿಂದ ಸಣ್ಣ ಹಿಡುವಳಿಯವರು ಹಿಂದೆಮುಂದೆ ನೋಡುತ್ತಾರೆ. ಪರಿಹಾರ ಬಂದಿದೆ, ಸಮಸ್ಯೆ ಇನ್ನೂ ಇದೆ. ಅಂಥದ್ದರ ಮೇಲೆ ನನಗೆ ಬಹಳ ನಂಬಿಕೆ. ಜನ ಅದಕ್ಕಾಗಿ ಈಗಾಗಲೇ ದುಡ್ಡು ಕೊಡುತ್ತಿದ್ದಾರೆ, ಮೈ ನೋಯಿಸಿಕೊಳ್ಳುತ್ತಿದ್ದಾರೆ. ಅವರಿಗೆ ಕಷ್ಟ ಇದೆ ಅಂತ ನೀವು ಹೋಗಿ ಒಪ್ಪಿಸಬೇಕಾಗಿಲ್ಲ.

"ಇಂಥದ್ದು ಇದ್ದರೆ ಚೆನ್ನ" ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವುದಕ್ಕೆ ಖರ್ಚಿಲ್ಲ. ಇವತ್ತು ಆ ಕಷ್ಟವನ್ನು ಹೇಗೋ ನಿಭಾಯಿಸಲು ಅವರು ಏನು ಕಳೆದುಕೊಳ್ಳುತ್ತಿದ್ದಾರೆ ಅಂತ ನೋಡಿ. ಏನೂ ಕಳೆದುಕೊಳ್ಳುತ್ತಿಲ್ಲ ಅಂದರೆ ಆ ಸಮಸ್ಯೆ ಬಿಟ್ಟುಬಿಡಿ.

ಇನ್ನೊಂದು ವಿಷಯ. ಸಮಸ್ಯೆ ಹೊರಗಿನಿಂದ ಕಾಣುವ ಜಾಗದಲ್ಲೇ ಇರುತ್ತದೆ ಅಂತಿಲ್ಲ. ಹರೀಶ್ ಹಂದೆ ಅವರು ಬೆಂಗಳೂರಿನಲ್ಲಿ 1995ರಲ್ಲಿ ಸೆಲ್ಕೋ ಶುರುಮಾಡಿದರು. ಕರೆಂಟಿಲ್ಲದ ಮನೆಗಳಿಗೆ ಸೋಲಾರ್ ದೀಪ ಕೊಡುವುದು ಕೆಲಸ. ಇಂಜಿನಿಯರ್ ಕಣ್ಣಿಗೆ ಅದು ಪ್ಯಾನೆಲ್, ಬ್ಯಾಟರಿ, ಬಲ್ಬಿನ ಲೆಕ್ಕ. ಆದರೆ ಕಗ್ಗಂಟು ಇದ್ದದ್ದು ದುಡ್ಡು ಕಟ್ಟುವ ರೀತಿಯಲ್ಲಿ. ತಳ್ಳುಗಾಡಿಯವರಿಗೆ ತಿಂಗಳಿಗೆ 300 ರೂಪಾಯಿ ಒಟ್ಟಿಗೆ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿ ಕೊಡುವುದು ಸುಲಭ. ಎರಡೂ ಒಂದೇ ಮೊತ್ತ ಅಂತ ನಮಗನ್ನಿಸುತ್ತದೆ. ದಿನದ ಸಂಪಾದನೆಯಲ್ಲೇ ಬದುಕುವವರಿಗೆ ಅದು ಒಂದೇ ಅಲ್ಲ. ಹಾಗಾಗಿ ಹಂದೆ ಅವರು ಬ್ಯಾಂಕುಗಳ ಬಾಗಿಲು ತಟ್ಟಿದರು, ಬಡವರಿಗೂ ಸೋಲಾರಿಗೆ ಸಾಲ ಕೊಡಿ ಅಂತ ಒಪ್ಪಿಸಿದರು. ದೀಪ ಕೆಟ್ಟರೆ ಹೋಗಿ ರಿಪೇರಿ ಮಾಡುವವರು ಹತ್ತಿರದಲ್ಲೇ ಇರುವಂತೆ ನೋಡಿಕೊಂಡರು. ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು 2011ರಲ್ಲಿ. ನಡುವಿನ ಹದಿನಾರು ವರ್ಷದ ಕೆಲಸ ನೆನಪಿಡಿ, ಪ್ರಶಸ್ತಿ ಆಮೇಲಿನ ಮಾತು.

ಅಷ್ಟು ವರ್ಷ ಯಾಕೆ ಹಿಡಿಯುತ್ತದೆ ಗೊತ್ತಾ? ಪ್ರತಿ ಊರಿನಲ್ಲೂ ಹೊಸ ಬ್ಯಾಂಕ್ ಮ್ಯಾನೇಜರ್, ಹೊಸ ಅನುಮಾನ. ಆ ಬೇಸರವನ್ನು ತಡೆದುಕೊಳ್ಳಬೇಕಾದರೆ ನಿಮ್ಮ ಗಿರಾಕಿಗಳು ನಿಮಗೆ ಇಷ್ಟ ಆಗಬೇಕು. ಇದನ್ನು ಯಾವ ಬಿಸಿನೆಸ್ ಪ್ಲಾನಿನಲ್ಲೂ ಬರೆಯುವುದಿಲ್ಲ, ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ನೋಡುವುದು ಇದನ್ನೇ. ರೈತರ ಜೊತೆ ಅರ್ಧ ಗಂಟೆ ಕೂರಲು ಬೇಜಾರಾಗುವವರು ಕೃಷಿ ಸ್ಟಾರ್ಟಪ್ ಮಾಡಬಾರದು. ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್‌ಗಳು ಏನು ಮಾತಾಡುತ್ತಾರೆ ಅಂತ ಕಿವಿಗೊಡುವವರು ಆ ಕಡೆ ಹೋಗಲಿ. ಮಾರುಕಟ್ಟೆ ಎಷ್ಟು ದೊಡ್ಡದು, ಹೂಡಿಕೆ ಯಾರು ಮಾಡುತ್ತಾರೆ ಅನ್ನುವುದನ್ನು ಮೂರನೇ ವರ್ಷದಲ್ಲಿ ಮಾತಾಡೋಣ.

ದೀಪಾವಳಿಗೆ ಊರಿಗೆ ಹೋಗುತ್ತೀರಲ್ಲ, ಆಗ ಒಂದು ಕೆಲಸ ಮಾಡಿ. ದುಡಿಯುವ ಒಬ್ಬರನ್ನು ಆರಿಸಿಕೊಳ್ಳಿ. ಅಂಗಡಿಯ ಮಾವ, ಹಾಲಿನ ಡೇರಿಯ ಅಕ್ಕ, ಗ್ಯಾರೇಜಿನ ಅಣ್ಣ, ಯಾರಾದರೂ ಸರಿ. ಅವರನ್ನು ಕೇಳಿಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಜೊತೆಗಿರಿ, ಕೈಲಾದ ಕೆಲಸ ಮಾಡಿಕೊಡಿ. ಸಲಹೆ ಕೊಡಬೇಡಿ. ಎಲ್ಲಿ ಕಾದರು, ಎಲ್ಲಿ ಬೈದುಕೊಂಡರು, ಯಾವುದನ್ನು ಎರಡೆರಡು ಸಲ ಮಾಡಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. "ಹೀಗೆ ಯಾಕೆ ಮಾಡುತ್ತೀರಿ?" ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ.

ಪ್ರತಿ ಗುರುವಾರ ಮೂರು ಗಂಟೆಯಿಂದ ನಾನು ಲೈಬ್ರರಿ ಪಕ್ಕದ ರೂಮಿನಲ್ಲಿ ಇರುತ್ತೇನೆ. ರಜೆ ಮುಗಿದ ಮೇಲೆ ಆ ನೋಟ್‌ಬುಕ್ ತನ್ನಿ. ಪಿಪಿಟಿ ಬೇಡ.