ಅಜ್ಜನ ನೋಟ್‌ಬುಕ್ಕಿನಿಂದ ಕಳೆದುಹೋದ ಆ ಚಿತ್ರ

ಶಿವಮೊಗ್ಗ

ಪ್ರೀತಿಯ ಅನಘಾ,

ನೀನು ಕಳಿಸಿದ ಫೋಟೋ ನೋಡಿದೆ. ಅಣ್ಣ ಪತ್ರಿಕೆಯ ವ್ಯಂಗ್ಯಚಿತ್ರ ಕತ್ತರಿಸಿ ಅಂಟಿಸಿದ್ದ ನೋಟ್‌ಬುಕ್ಕಿನ ಆ ಪುಟದಲ್ಲಿ ಈಗ ಉಳಿದಿರುವುದು ಅಂಟಿನ ಹಳದಿ ಕಲೆ ಮತ್ತು ಗೆದ್ದಲು ತಿಂದ ಗುರುತು ಮಾತ್ರ. ನೋಡಿ ಸಂಕಟವಾಯಿತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅವನು ಕತ್ತರಿ ಹಿಡಿದು ಕೂರುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಟು ಬೇಕೆಂದರೆ ನಿನ್ನಜ್ಜಿ ಮೈದಾ ಕುದಿಸಿಕೊಡುತ್ತಿದ್ದರು. ಗೆದ್ದಲಿಗೆ ರುಚಿ ಹತ್ತಿದ್ದು ಅದರಿಂದಲೇ ಇರಬೇಕು.

ಚಿತ್ರ ಹೋಯಿತು, ಆದರೆ ಅಜ್ಜಿ ಹೇಳಿದ್ದನ್ನು ನೀನು ರೆಕಾರ್ಡ್ ಮಾಡಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಮೂರು ಸಲ ಕೇಳಿದೆ. ಅವರು ಹೇಳಿದ್ದು ಹೀಗಿದೆ: "ಒಬ್ರು ಟಬ್ಬಲ್ಲಿ ಕೂತಿದಾರೆ. ಮೈಮೇಲೆ ಬಟ್ಟೆ ಇಲ್ಲ. ಬಾಗಿಲು ಸ್ವಲ್ಪ ತೆಗೆದಿದೆ, ಆ ಸಂದೀಲಿ ಕಾಗದ, ಪೆನ್ನು ಕೊಟ್ಟು ಕಳಿಸ್ತಿದಾರೆ. ಇಂದಿರಾ ಗಾಂಧಿ ಹೊರಗೆ ನಿಂತಿದಾರೆ. ಕೆಳಗೆ ಕಾಯೋಕೆ ಹೇಳಿ ಅಂತೇನೋ ಇಂಗ್ಲಿಷಲ್ಲಿತ್ತು. ನಿಮ್ಮಜ್ಜ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಬೀದಿ ಬಾಗಿಲು ಹಾಕ್ಕೊಂಡು ಬಾ ಅಂದ್ರು."

"ಒಬ್ಬರು ಸ್ನಾನ ಮಾಡ್ತಿದ್ರೆ ಅದರಲ್ಲಿ ನಗೋಕೆ ಏನಿದೆ ಚಿಕ್ಕಜ್ಜ?" ಅಂತ ನೀನು ಕೇಳಿದ್ದೀಯ. ನಿನ್ನ ಪ್ರಶ್ನೆ ಸರಿಯಾಗಿಯೇ ಇದೆ. ಟಬ್ಬಿನಲ್ಲಿರುವವರು ಯಾರು ಅಂತ ಗೊತ್ತಿಲ್ಲದಿದ್ದರೆ ನಗುವಂಥದ್ದೇನೂ ಇಲ್ಲ.

ಅವರು ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್. ಬರೆದವರು ಅಬು ಅಬ್ರಹಾಂ. ಚಿತ್ರ ಬಂದಿದ್ದು 1975ರ ಡಿಸೆಂಬರ್ 10ರ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ. ಟಬ್ಬು, ಅರ್ಧ ತೆಗೆದ ಬಾಗಿಲು, ಕಾಗದ, 'ಕಾಯೋಕೆ ಹೇಳಿ' ಎಂಬ ಮಾತು. ಇವು ನಾಲ್ಕೂ ಒಟ್ಟಿಗೆ ಬರುವ ಚಿತ್ರ ಬೇರೆ ಇಲ್ಲ. ಅಜ್ಜಿಯ ನೆನಪು ಅಷ್ಟು ಗಟ್ಟಿ. ಕೆಳಗಿದ್ದ ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ: "ಇನ್ನೂ ಸುಗ್ರೀವಾಜ್ಞೆಗಳಿದ್ದರೆ, ಸ್ವಲ್ಪ ಕಾಯೋಕೆ ಹೇಳಿ." ಮಾತಾಡುತ್ತಿರುವವರು ಟಬ್ಬಿನಲ್ಲಿರುವವರೇ.

ಈಗ ಸುಗ್ರೀವಾಜ್ಞೆ ಅಂದರೇನು ಅಂತ ಹೇಳಬೇಕು. ನಮ್ಮಲ್ಲಿ ಕಾನೂನು ಮಾಡುವುದು ಸಂಸತ್ತು. ಸಂಸತ್ತು ಸೇರಿಲ್ಲದ ದಿನಗಳಲ್ಲಿ ತುರ್ತಾಗಿ ಕಾನೂನು ಬೇಕಾಗಿಬಿಟ್ಟರೆ? ಸಂವಿಧಾನದ 123ನೇ ವಿಧಿ ರಾಷ್ಟ್ರಪತಿಗೆ ಒಂದು ದಾರಿ ಕೊಟ್ಟಿದೆ. ತಕ್ಷಣ ಕ್ರಮ ಬೇಕೇ ಬೇಕು ಎಂದು ಅವರಿಗೆ ಮನವರಿಕೆಯಾದರೆ ಸಹಿ ಹಾಕಿ ಕಾನೂನಿನಷ್ಟೇ ಬಲದ ಆಜ್ಞೆ ಹೊರಡಿಸಬಹುದು. ಆಮೇಲೆ ಸಂಸತ್ತು ಸೇರಿದಾಗ ಅದರ ಮುಂದಿಡಬೇಕು. ಒಪ್ಪಿಗೆ ಸಿಗದಿದ್ದರೆ ಆರು ವಾರಕ್ಕೆ ಅದು ಬಿದ್ದುಹೋಗುತ್ತದೆ. 'ಮನವರಿಕೆಯಾದರೆ' ಎಂಬ ಮಾತನ್ನು ಗಮನಿಸು. ಒಬ್ಬರು ಕೂತು, ಕಾಗದ ಓದಿ, ಇದು ಬೇಕಾ ಅಂತ ಯೋಚಿಸಬೇಕು ಎಂದೇ ಅಲ್ವಾ ಅದರ ಅರ್ಥ? ಟಬ್ಬಿನಲ್ಲಿ ನೆನೆಯುತ್ತಾ ಬಾಗಿಲ ಸಂದಿಯಲ್ಲಿ ಸಹಿ ಹಾಕಿ ಕೊಡುವವರು ಏನು ಓದಿರುತ್ತಾರೆ, ಎಷ್ಟು ಯೋಚಿಸಿರುತ್ತಾರೆ? ಅಬು ಕೇಳಿದ್ದು ಅದನ್ನೇ.

ಆ ವರ್ಷ ಏನಾಗಿತ್ತು ಅಂತ ನಿನಗೆ ಪಾಠದಲ್ಲಿ ಬಂದಿರುತ್ತದೆ, ಚುಟುಕಾಗಿ ನೆನಪಿಸುತ್ತೇನೆ. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಚುನಾವಣೆಯನ್ನು ರದ್ದು ಮಾಡಿತು. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಕಾಗದ ರಾಷ್ಟ್ರಪತಿ ಭವನಕ್ಕೆ ಹೋಯಿತು. ಮಧ್ಯರಾತ್ರಿ ಆಗುವುದರೊಳಗೆ ಸಹಿ ಬಿತ್ತು. ಮಂತ್ರಿಮಂಡಲಕ್ಕೆ ತಿಳಿಸಿದ್ದು ಮರುದಿನ ಬೆಳಗಿನ 6 ಗಂಟೆಗೆ! ಅಂದರೆ ದೇಶದ ಮಂತ್ರಿಗಳಿಗೆ ಗೊತ್ತಾಗುವ ಮೊದಲೇ ಸಹಿ ಆಗಿಹೋಗಿತ್ತು. ಅದೇ ಬೆಳಿಗ್ಗೆ ನಮ್ಮ ಬೆಂಗಳೂರಿನಲ್ಲೇ ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದರು. ಸಂಸತ್ತಿನ ಸಮಿತಿಯ ಕೆಲಸಕ್ಕೆ ಬಂದಿದ್ದವರು ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ಅಣ್ಣ ದಿನಾ ಆಫೀಸಿಗೆ ಹೋಗುವ ಊರಿನಲ್ಲಿ ನಡೆದದ್ದು ಇದು. ಹಾಗಾಗಿ ಅವನಿಗೆ ದೆಹಲಿಯ ವಿಷಯ ಯಾವತ್ತೂ ದೂರದ್ದು ಅನ್ನಿಸಲಿಲ್ಲ.

ಆದರೆ ಅಬು ಈ ಚಿತ್ರ ಬರೆದದ್ದು ಜೂನ್‌ನಲ್ಲಲ್ಲ, ಡಿಸೆಂಬರ್‌ನಲ್ಲಿ. ಸುಮ್ಮನೆ ಓದಿದರೆ ಆ ತಾರೀಕು ಕಣ್ಣಿಗೆ ಬೀಳುವುದಿಲ್ಲ. ಚಿತ್ರಕ್ಕೆ ಎರಡೇ ದಿನ ಮೊದಲು, ಡಿಸೆಂಬರ್ 8ಕ್ಕೆ, ಪತ್ರಿಕೆಗಳ ಮೇಲೆಯೇ ಸುಗ್ರೀವಾಜ್ಞೆಗಳು ಬಂದಿದ್ದವು. ಒಂದು, 'ಆಕ್ಷೇಪಾರ್ಹ' ವಿಷಯ ಅಚ್ಚು ಹಾಕದಂತೆ ತಡೆಯುವುದು. ಇನ್ನೊಂದು, ಪ್ರೆಸ್ ಕೌನ್ಸಿಲನ್ನೇ ಮುಚ್ಚುವುದು. ಮತ್ತೊಂದು, ಸಂಸತ್ತಿನಲ್ಲಿ ನಡೆದದ್ದನ್ನು ವರದಿ ಮಾಡುವವರಿಗಿದ್ದ ರಕ್ಷಣೆಯನ್ನು ತೆಗೆಯುವುದು. ಆ ರಕ್ಷಣೆಯ ಕಾನೂನು 1956ರದ್ದು, ಅದನ್ನು ತಂದವರು ಇಂದಿರಾ ಅವರ ಗಂಡ ಫಿರೋಜ್ ಗಾಂಧಿ. ಪತ್ರಿಕೆಯ ಬಾಯಿ ಕಟ್ಟುವ ಕಾಗದಗಳಿಗೆ ಸಹಿ ಬಿದ್ದು ಎರಡು ದಿನವಾಗಿಲ್ಲ, ಅದೇ ಪತ್ರಿಕೆಯಲ್ಲಿ ಸಹಿ ಹಾಕುವವರ ಚಿತ್ರ! ಅಣ್ಣ ನಕ್ಕಿದ್ದು ಯಾಕೆ, ನಕ್ಕ ಮೇಲೆ ಬಾಗಿಲು ಹಾಕಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಅಜ್ಜಿ ಆ ಬಾಗಿಲಿನ ಮಾತು ಹೇಳಿದ್ದಕ್ಕೆ ನಾನು ಅವರಿಗೆ ಋಣಿ. ಯಾವ ಪತ್ರಿಕೆಯ ಹಳೆಯ ಕಟ್ಟಿನಲ್ಲೂ ಅದು ಸಿಗುವುದಿಲ್ಲ.

ಇನ್ನು ಅಜ್ಜಿಯ ಮಾತಿನಲ್ಲಿ ಒಂದು ತಪ್ಪಿದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಚಿತ್ರದಲ್ಲಿ ಇಂದಿರಾ ಗಾಂಧಿ ಇಲ್ಲ. ಬಾಗಿಲಾಚೆ ಇರುವವನು ಕಾಗದ ತಂದ ಸಹಾಯಕ, ಅಷ್ಟೇ. ಅವಸರ ಮಾಡುತ್ತಿರುವವರು ಯಾರು ಅಂತ ಅಬು ಬರೆಯಲೇ ಇಲ್ಲ. ಅವರ ಹೆಸರನ್ನೂ ಹಾಕಲಿಲ್ಲ. 'ಕಾಯೋಕೆ ಹೇಳಿ' ಅಂದರೆ ಯಾರಿಗೆ ಹೇಳಬೇಕು? ಓದುವವರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ನಿನ್ನಜ್ಜಿ ತುಂಬಿಕೊಂಡರು. ಎಷ್ಟು ಚೆನ್ನಾಗಿ ತುಂಬಿಕೊಂಡರು ಅಂದರೆ, ಐವತ್ತು ವರ್ಷ ಆದ ಮೇಲೂ ಬಾಗಿಲಾಚೆ ಅವರನ್ನೇ ಕಾಣುತ್ತಿದ್ದಾರೆ. ಆದ್ದರಿಂದ ರೆಕಾರ್ಡಿಂಗ್ ತಿದ್ದಬೇಡ. ಅಜ್ಜಿಗೂ "ನೀವು ಹೇಳಿದ್ದು ತಪ್ಪಂತೆ" ಅನ್ನಬೇಡ. ಆ ಚಿತ್ರ ನೋಡಿದವರ ತಲೆಯೊಳಗೆ ಏನು ಮಾಡುತ್ತಿತ್ತು ಎಂಬುದು ಆ ತಪ್ಪಿನಿಂದಲೇ ಗೊತ್ತಾಗುವುದು.

ಇಲ್ಲಿ ನಮ್ಮ ಕನ್ನಡದ ಪದವೂ ಒಂದು ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿರುವುದು ಒಣ ಕಚೇರಿ ಪದ. ನಾವು ಸುಗ್ರೀವಾಜ್ಞೆ ಅನ್ನುತ್ತೇವೆ. ಸೀತೆಯನ್ನು ಹುಡುಕಲು ಕಪಿಗಳನ್ನು ಕಳಿಸುವಾಗ ಸುಗ್ರೀವ ಒಂದು ತಿಂಗಳ ಗಡುವು ಕೊಟ್ಟ. ಮೀರಿದರೆ ತಲೆ ಹೋಗುತ್ತದೆ. ಗಡುವು ಮುಗಿದಾಗ ಅಂಗದ ಹೆದರಿ ಸಮುದ್ರದ ದಂಡೆಯಲ್ಲಿ ಪ್ರಾಣ ಬಿಡಲು ಕೂತನಲ್ಲ, ಆ ಭಯ ಈ ಪದದೊಳಗಿದೆ. ಅಣ್ಣ ಆ ಸಾಲನ್ನು ನಮಗೆ ಕನ್ನಡದಲ್ಲಿ ಹೇಳುವಾಗ ಅದಕ್ಕೇ ಖಾರ ಜಾಸ್ತಿಯಾಗುತ್ತಿತ್ತು. ಹೆಸರಿಗೆ ಆಜ್ಞೆ ಕೊಡುವ ಸುಗ್ರೀವ ಟಬ್ಬಿನಲ್ಲಿರುವವರೇ. ಆದರೆ ನೋಡಿದರೆ ಗಡುವಿಗೆ ಹೆದರುವ ಕಪಿಯೂ ಅವರೇ.

ಕೆಳಗಿನ ಸಾಲನ್ನು ಮತ್ತೊಮ್ಮೆ ಓದು. ಅವರು 'ಸಹಿ ಹಾಕಲ್ಲ' ಅನ್ನುವುದಿಲ್ಲ. 'ಏನಿದು ಇಷ್ಟೊಂದು?' ಅಂತಲೂ ಕೇಳುವುದಿಲ್ಲ. ಸ್ನಾನ ಮುಗಿಸಿಕೊಳ್ಳುವಷ್ಟು ಹೊತ್ತು ಸಿಕ್ಕರೆ ಸಾಕು. ಇಡೀ ದೇಶದ ದೊಡ್ಡ ಕುರ್ಚಿಯಲ್ಲಿರುವ ಮನುಷ್ಯ ಕೇಳುತ್ತಿರುವುದು ಇಷ್ಟನ್ನೇ. ನನಗೆ ಇದು ಮೊದಲು ನಗು ತರಿಸುತ್ತದೆ, ಆಮೇಲೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ.

"ಅವರನ್ನು ಬತ್ತಲೆ ತೋರಿಸಿದ್ದು ಅವಮಾನ ಅಲ್ವಾ?" ಅಂತ ನಿನ್ನ ಗೆಳತಿ ಕೇಳಿದ್ದಾಳಂತೆ. ನನಗೆ ಹಾಗನ್ನಿಸುವುದಿಲ್ಲ. ಅಬು ಅವರ ಮೈಯನ್ನು ಹೀಯಾಳಿಸಿಲ್ಲ. ರಾಷ್ಟ್ರಪತಿ ಅಂದರೆ ನಮಗೆ ನೆನಪಾಗುವುದು ಸಾರೋಟು, ಅಂಗರಕ್ಷಕರು, ಶೇರ್ವಾನಿ. ಅದನ್ನೆಲ್ಲ ತೆಗೆದರೆ ಉಳಿಯುವುದು ಒಂದು ಪೆನ್ನು. ಅದನ್ನು ತೋರಿಸಲು ಬಚ್ಚಲುಮನೆಗಿಂತ ಒಳ್ಳೆಯ ಜಾಗ ಇಲ್ಲ. ಮಂತ್ರಿಮಂಡಲದ ಸಲಹೆಯಂತೆ ನಡೆಯುವುದೇ ನಮ್ಮ ರಾಷ್ಟ್ರಪತಿಗಳ ಪದ್ಧತಿ, ಅದು ನಿಜ. ಆದರೂ ಒಂದು ಪ್ರಶ್ನೆ ಕೇಳಬಹುದಿತ್ತು, ಒಂದು ರಾತ್ರಿ ತಡ ಮಾಡಬಹುದಿತ್ತು. 1978ರ 44ನೇ ತಿದ್ದುಪಡಿ ಬಂದ ಮೇಲೆ ತುರ್ತುಪರಿಸ್ಥಿತಿಗೆ ಮಂತ್ರಿಮಂಡಲದ ತೀರ್ಮಾನ ಬರಹದಲ್ಲಿ ಬರಬೇಕು. ಸಲಹೆಯನ್ನು ಒಮ್ಮೆ ವಾಪಸು ಕಳಿಸಿ 'ಇನ್ನೊಮ್ಮೆ ನೋಡಿ' ಅನ್ನುವ ಅಧಿಕಾರವೂ ರಾಷ್ಟ್ರಪತಿಗೆ ಸಿಕ್ಕಿತು. ಅಹಮದ್ ಅವರು ಅದನ್ನು ನೋಡಲಿಲ್ಲ. 1977ರ ಫೆಬ್ರವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ತುರ್ತುಪರಿಸ್ಥಿತಿ ಮುಗಿದದ್ದು ಮಾರ್ಚ್‌ನಲ್ಲಿ.

ಅಬು ಬಗ್ಗೆ ಎರಡು ಮಾತು. ಕೇರಳದ ಮಾವೇಲಿಕ್ಕರದವರು. ಲಂಡನ್ನಿನ ಅಬ್ಸರ್ವರ್, ಗಾರ್ಡಿಯನ್ ಪತ್ರಿಕೆಗಳಿಗೆ ಬರೆದು, 1969ರಲ್ಲಿ ವಾಪಸು ಬಂದು ಎಕ್ಸ್‌ಪ್ರೆಸ್ ಸೇರಿದರು. ಈ ಚಿತ್ರ ಬರೆದಾಗ ಅವರು ರಾಜ್ಯಸಭೆಯ ನಾಮಕರಣ ಸದಸ್ಯರು. ಒಳಗಿದ್ದುಕೊಂಡೇ ಹೀಗೆ ಬರೆದರು. ನಾನು ಅವರನ್ನು ಗೌರವಿಸುವುದು ಇದಕ್ಕೇ.

ನೋಟ್‌ಬುಕ್ಕಿನ ಆ ಖಾಲಿ ಜಾಗಕ್ಕೆ ಬೇರೆ ಚಿತ್ರದ ಪ್ರಿಂಟು ತೆಗೆದು ಅಂಟಿಸಬೇಕಾ ಅಂತ ಕೇಳಿದ್ದೀಯ. ಬೇಡ ಮಗಳೇ, ಕಲೆ ಹಾಗೇ ಇರಲಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಇಷ್ಟು ಬರೆ:

"ಇಲ್ಲಿದ್ದದ್ದು ಅಬು ಅಬ್ರಹಾಂ ಅವರ ವ್ಯಂಗ್ಯಚಿತ್ರ, ಇಂಡಿಯನ್ ಎಕ್ಸ್‌ಪ್ರೆಸ್, 10 ಡಿಸೆಂಬರ್ 1975. ಒಂದೇ ಚೌಕಟ್ಟು. ರಾಷ್ಟ್ರಪತಿ ಸ್ನಾನದ ಟಬ್ಬಿನಲ್ಲಿದ್ದಾರೆ. ಸಹಿ ಹಾಕಿದ ಕಾಗದವನ್ನು ಅರ್ಧ ತೆಗೆದ ಬಾಗಿಲಿನಿಂದ ಕೊಡುತ್ತಿದ್ದಾರೆ. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಕಾಯೋಕೆ ಹೇಳಿ ಅನ್ನುತ್ತಿದ್ದಾರೆ. ಬಾಗಿಲಾಚೆ ಇಂದಿರಾ ಗಾಂಧಿ ನಿಂತಿದ್ದರು ಎಂದು ಅಜ್ಜಿಯ ನೆನಪು, ಚಿತ್ರದಲ್ಲಿ ಅವರಿಲ್ಲ. ಅಜ್ಜ ಇದನ್ನು ನೋಡಿ ನಕ್ಕರು, ಆಮೇಲೆ ಬೀದಿ ಬಾಗಿಲು ಹಾಕಿಸಿದರು."

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮುಂದಿನ ಪುಟದಲ್ಲೂ ಅಂಟಿನ ಕಲೆ ಕಾಣುತ್ತಿದೆ. ಅಲ್ಲೇನಿತ್ತು ಅಂತ ಅವರನ್ನು ಈ ವಾರವೇ ಕೇಳು.

ನಿನ್ನ
ಚಿಕ್ಕಜ್ಜ